ಪಿಯುಸಿ ಓದದೆ ಡಿಗ್ರಿಗೆ ಸೇರುವುದು: ವಿದೇಶಿ ಶಾಲೆ, ಓಪನ್ ಸ್ಕೂಲ್ ಮಕ್ಕಳ ಕಾಗದಪತ್ರ

ಕರ್ನಾಟಕದಲ್ಲಿ ಎರಡನೇ ಪಿಯುಸಿ ಪಾಸಾದ ಹುಡುಗನಿಗೆ ಕಾಲೇಜಿನ ಅಡ್ಮಿಷನ್ ಕೌಂಟರ್‌ನಲ್ಲಿ ಯಾರೂ ಹೆಚ್ಚು ಪ್ರಶ್ನೆ ಕೇಳುವುದಿಲ್ಲ. ಅಂಕಪಟ್ಟಿ ನೋಡುತ್ತಾರೆ, ಟಿಸಿ ಇಸಿದುಕೊಳ್ಳುತ್ತಾರೆ, ಮುಗಿಯಿತು. ಸಿಬಿಎಸ್‌ಇ, ಐಎಸ್‌ಸಿ ಮಕ್ಕಳಿಗೆ ಇದರ ಮೇಲೆ ಒಂದು ಮೈಗ್ರೇಷನ್ ಸರ್ಟಿಫಿಕೇಟು, ವಿಶ್ವವಿದ್ಯಾಲಯದ ಒಂದು ಎಲಿಜಿಬಿಲಿಟಿ ಸರ್ಟಿಫಿಕೇಟು ಸೇರುತ್ತದೆ. ನಿಜವಾದ ತೊಡಕು ಶುರುವಾಗುವುದು ದುಬೈಯಲ್ಲೋ ಲಂಡನ್ನಿನಲ್ಲೋ ನ್ಯೂಜೆರ್ಸಿಯಲ್ಲೋ ಶಾಲೆ ಮುಗಿಸಿದವರಿಗೆ, ಮತ್ತು ಶಾಲೆ ಬಿಟ್ಟು ಓಪನ್ ಸ್ಕೂಲ್‌ನಲ್ಲಿ ಹನ್ನೆರಡನೆಯದನ್ನು ಬರೆದವರಿಗೆ.

ಈ ಇಬ್ಬರ ಮನೆಯಲ್ಲೂ ಒಂದೇ ತಪ್ಪು ಲೆಕ್ಕಾಚಾರ ನಡೆಯುತ್ತದೆ. ‘ಈಕ್ವಿವಲೆನ್ಸ್ ಸರ್ಟಿಫಿಕೇಟೋ ಬೋರ್ಡಿನ ಸರ್ಟಿಫಿಕೇಟೋ ಸಿಕ್ಕಿತು, ಇನ್ನು ಚಿಂತೆಯಿಲ್ಲ’ ಎಂದುಕೊಳ್ಳುತ್ತಾರೆ. ಆ ಪತ್ರ ಹೇಳುವುದು ಇಷ್ಟೇ: ಈ ಮಗು ಓದಿದ್ದು ನಮ್ಮ ಹನ್ನೆರಡನೇ ತರಗತಿಗೆ ಸಮ. ಈ ಮಗು ಬಿಇ ಸೇರಬಹುದೇ, ಬಿಎಸ್ಸಿ ನರ್ಸಿಂಗ್ ಸೇರಬಹುದೇ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಉತ್ತರ ಕೊಡುವವರು ವಿಶ್ವವಿದ್ಯಾಲಯ ಮತ್ತು ಆಯಾ ವೃತ್ತಿಯ ನಿಯಂತ್ರಣ ಮಂಡಳಿ. ಅವರು ನೋಡುವುದು ವಿಷಯಗಳನ್ನು ಮತ್ತು ಅಂಕಗಳನ್ನು. ಸಮಾನತೆ ಸಿಕ್ಕೂ ಅರ್ಹತೆ ಸಿಗದೆ ಹೋಗುವುದು ಈ ಎರಡರ ನಡುವಿನ ಜಾಗದಲ್ಲಿ.

ಕೋರ್ಸಿನಿಂದ ಹಿಂದಕ್ಕೆ ಲೆಕ್ಕ ಹಾಕಿ

ಕೆಲಸ ಶುರು ಮಾಡಬೇಕಾದ್ದು ಸರ್ಟಿಫಿಕೇಟಿನಿಂದಲ್ಲ, ಸೇರಬೇಕಾದ ಕೋರ್ಸಿನಿಂದ. ಬಿಎ, ಬಿಕಾಂ, ಬಿಬಿಎಗಳಿಗೆ ಸಾಮಾನ್ಯವಾಗಿ ಹನ್ನೆರಡನೇ ತರಗತಿ ಪಾಸಾಗಿರುವುದು ಮುಖ್ಯ, ವಿಷಯಗಳ ಕಟ್ಟುನಿಟ್ಟು ಕಡಿಮೆ. ಎಂಜಿನಿಯರಿಂಗ್‌ಗೆ ಭೌತಶಾಸ್ತ್ರ ಮತ್ತು ಗಣಿತ ಕಡ್ಡಾಯ. ಮೂರನೆಯದಾಗಿ ರಸಾಯನಶಾಸ್ತ್ರ, ಜೀವಶಾಸ್ತ್ರ, ಕಂಪ್ಯೂಟರ್ ಸೈನ್ಸ್, ಎಲೆಕ್ಟ್ರಾನಿಕ್ಸ್ ಇಂಥವುಗಳಲ್ಲಿ ಒಂದು ಬೇಕು. ಈ ಮೂರರಲ್ಲಿ ಒಟ್ಟು ಶೇಕಡಾ 45, ಮೀಸಲು ವರ್ಗಗಳಿಗೆ ಶೇಕಡಾ 40 ಬಂದಿರಬೇಕು, ಇಂಗ್ಲಿಷನ್ನು ಒಂದು ಭಾಷೆಯಾಗಿ ಓದಿರಬೇಕು. ವೈದ್ಯಕೀಯಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಅಥವಾ ಜೈವಿಕ ತಂತ್ರಜ್ಞಾನದ ಜೊತೆಗೆ ಇಂಗ್ಲಿಷ್ ಬೇಕು.

ಈ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದು ಮಗುವಿನ ಅಂಕಪಟ್ಟಿಯ ಪಕ್ಕಕ್ಕೆ ಇಟ್ಟುಕೊಳ್ಳಿ. ಇದನ್ನು ಮಾಡುವ ಸಮಯ ಹನ್ನೊಂದನೇ ತರಗತಿಗೆ ವಿಷಯ ಆರಿಸುವಾಗ. ಫಲಿತಾಂಶ ಬಂದ ಮೇಲೆ ಮಾಡಿದರೆ ಕೊರತೆ ಕಾಣುತ್ತದೆ, ಅದನ್ನು ತುಂಬಲು ವರ್ಷ ಹೋಗುತ್ತದೆ.

ವರ್ಷಗಳನ್ನು ಎಣಿಸಿ

ಎರಡನೆಯ ಪರೀಕ್ಷೆ 12 ವರ್ಷಗಳದ್ದು. ವಿದೇಶಿ ಶಾಲೆಯ ಸರ್ಟಿಫಿಕೇಟು ನಮ್ಮ ಪಿಯುಸಿಗೆ ಸಮ ಎನಿಸಿಕೊಳ್ಳಲು 12 ವರ್ಷ ಶಾಲೆಗೆ ಹೋಗಿ ಕ್ರಮವಾಗಿ ಓದಿರಬೇಕು. ಬ್ರಿಟಿಷ್ ಪದ್ಧತಿಯ ಎಣಿಕೆ ಒಂದು ಮುಂದೆ ಓಡುತ್ತದೆ. ಅಲ್ಲಿನ ‘ಇಯರ್ 11’ ನಮ್ಮ ಹತ್ತನೇ ತರಗತಿ, ‘ಇಯರ್ 13’ ನಮ್ಮ ಹನ್ನೆರಡನೆಯದು. ‘ಇಯರ್ 12’ ಮುಗಿಸಿ ಊರಿಗೆ ಬಂದು ‘ಹನ್ನೆರಡು ಆಯಿತಲ್ಲ’ ಎಂದರೆ ನಡೆಯುವುದಿಲ್ಲ, ಅದು ನಮ್ಮ ಮೊದಲ ಪಿಯುಸಿ. ಹಾಗೆಯೇ ಐಜಿಸಿಎಸ್‌ಇ ಅಥವಾ ಓ ಲೆವೆಲ್ ಎಷ್ಟೇ ಚೆನ್ನಾಗಿ ಪಾಸಾದರೂ ಅದು ಎಸ್‌ಎಸ್‌ಎಲ್‌ಸಿ ಮಟ್ಟವೇ. ಅದರ ಮೇಲೆ ಎ ಲೆವೆಲ್ ಮುಗಿಸಿದರೆ ಮಾತ್ರ ಹನ್ನೆರಡನೆಯದಕ್ಕೆ ಸಮ.

ಆದ್ದರಿಂದ ಎ ಲೆವೆಲ್ ಮಕ್ಕಳು ಎರಡೂ ಹಂತದ ಪತ್ರಗಳನ್ನು ಒಟ್ಟಿಗೆ ಇಡಬೇಕು. ಐಜಿಸಿಎಸ್‌ಇಯದನ್ನು ಹಳೆಯದೆಂದು ಎಲ್ಲೋ ಇಟ್ಟುಬಿಡುವವರೇ ಹೆಚ್ಚು. ಅಲ್ಲಿ ಸಿ ಗ್ರೇಡಿಗಿಂತ ಕೆಳಗೆ ಬಂದ ವಿಷಯಗಳು ಲೆಕ್ಕಕ್ಕೆ ಬಾರದೆ ಹೋಗಬಹುದು ಎಂಬುದೂ ನೆನಪಿರಲಿ. ಎ ಲೆವೆಲ್‌ನಲ್ಲಿ ಬಹುತೇಕ ಮಕ್ಕಳು ಇಂಗ್ಲಿಷ್ ತೆಗೆದುಕೊಂಡಿರುವುದಿಲ್ಲ, ಹಾಗಾಗಿ ಇಂಗ್ಲಿಷಿಗೆ ಐಜಿಸಿಎಸ್‌ಇ ಪತ್ರವೇ ಆಧಾರ. ವೈದ್ಯಕೀಯದ ಕನಸಿದ್ದರೆ ಅಷ್ಟೂ ಸಾಲದು. ಅಲ್ಲಿ ಹನ್ನೊಂದು–ಹನ್ನೆರಡರ ಮಟ್ಟದಲ್ಲೇ ಇಂಗ್ಲಿಷ್ ಕೇಳುತ್ತಾರೆ, ಅದಕ್ಕೇ ತಿಳಿದವರು ಎ ಲೆವೆಲ್‌ನ ಮೊದಲ ಅರ್ಧವಾದ ಎಎಸ್ ಮಟ್ಟದ ಒಂದು ಇಂಗ್ಲಿಷ್ ಪೇಪರನ್ನು ಮೊದಲೇ ಸೇರಿಸಿಕೊಳ್ಳುತ್ತಾರೆ.

ಐಬಿ, ಅಂದರೆ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಓದುವವರಿಗೆ ದಾರಿ ಸ್ವಲ್ಪ ಸಲೀಸು. ಭಾರತೀಯ ವಿಶ್ವವಿದ್ಯಾಲಯಗಳ ಸಂಘ, ಅಂದರೆ ಎಐಯು, ಐಬಿ ಡಿಪ್ಲೊಮಾವನ್ನು 1983ರಿಂದಲೇ ಹನ್ನೆರಡನೆಯದಕ್ಕೆ ಸಮ ಎಂದು ಒಪ್ಪಿದೆ. ಆರು ವಿಷಯ, ಕನಿಷ್ಠ 24 ಅಂಕ ಇದ್ದು ಡಿಪ್ಲೊಮಾ ಕೈಗೆ ಬಂದಿರಬೇಕು. ಆದರೆ ಐಬಿಯಲ್ಲಿ ಒಂದೇ ವಿಜ್ಞಾನ ವಿಷಯ ತೆಗೆದುಕೊಂಡು ಉಳಿದದ್ದೆಲ್ಲ ಕಲೆ, ಅರ್ಥಶಾಸ್ತ್ರ ಮಾಡಿಕೊಂಡವರು ಬಿಇ ಎಂದರೆ ಮತ್ತೆ ಮೊದಲ ಹಾಳೆಗೇ ವಾಪಸು.

ಅಮೆರಿಕದ ಹೈಸ್ಕೂಲ್ ಡಿಪ್ಲೊಮಾದ ತೊಡಕು ಇನ್ನೊಂದು ಬಗೆಯದು. 12 ಗ್ರೇಡ್ ಇರುವುದರಿಂದ ವರ್ಷದ ಲೆಕ್ಕ ಸರಿ. ಆದರೆ ಅದು ಬೋರ್ಡ್ ಪರೀಕ್ಷೆಯಲ್ಲ, ಶಾಲೆಯೇ ಕೊಡುವ ಪ್ರಮಾಣಪತ್ರ. ಶಾಲೆಗೆ ಅಲ್ಲಿನ ಮಾನ್ಯತೆ ಇದೆಯೇ ಎಂದು ಮೊದಲು ನೋಡುತ್ತಾರೆ. ಆಮೇಲೆ ಭೌತಶಾಸ್ತ್ರ ಒಂದು ವರ್ಷ ಮಾತ್ರ ಓದಿದ್ದು ನಮ್ಮ ಎರಡು ವರ್ಷದ ಪಿಯುಸಿ ಭೌತಶಾಸ್ತ್ರಕ್ಕೆ ಸಮವೇ ಎಂಬ ಪ್ರಶ್ನೆ ಬರುತ್ತದೆ. ಊರಿಗೆ ಬಂದು ಎಂಜಿನಿಯರಿಂಗ್ ಸೇರುವ ಯೋಚನೆ ಇರುವ ಮಗು ಅಲ್ಲಿರುವಾಗಲೇ ಭೌತಶಾಸ್ತ್ರ, ರಸಾಯನಶಾಸ್ತ್ರ, ಕ್ಯಾಲ್ಕುಲಸ್‌ಗಳಲ್ಲಿ ಎಪಿ, ಅಂದರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಪರೀಕ್ಷೆ ಬರೆದಿಟ್ಟುಕೊಂಡರೆ ಈ ಪ್ರಶ್ನೆಗೆ ಹೊರಗಿನ ಪರೀಕ್ಷೆಯ ಪುರಾವೆ ಕೈಯಲ್ಲಿರುತ್ತದೆ.

ಸಮಾನತಾ ಪತ್ರಕ್ಕೆ ಅರ್ಜಿ

ಬಹಳ ವರ್ಷಗಳಿಂದ ಈ ಪತ್ರ ಕೊಡುತ್ತಿದ್ದದ್ದು ದೆಹಲಿಯ ಎಐಯು. 2025ರ ಏಪ್ರಿಲ್‌ನಲ್ಲಿ ಯುಜಿಸಿ ವಿದೇಶಿ ಪದವಿಗಳ ಜೊತೆಗೆ ವಿದೇಶಿ ಶಾಲಾ ಸರ್ಟಿಫಿಕೇಟುಗಳಿಗೂ ಅನ್ವಯಿಸುವ ಹೊಸ ನಿಯಮಾವಳಿ ಹೊರಡಿಸಿತು. ಹಾಗಾಗಿ ಹಣ ಕಟ್ಟುವ ಮೊದಲು ಒಂದು ಕೆಲಸ ಮಾಡಿ: ನೀವು ಸೇರಬೇಕೆಂದಿರುವ ವಿಶ್ವವಿದ್ಯಾಲಯದ ಈ ವರ್ಷದ ಅಡ್ಮಿಷನ್ ಪ್ರಕಟಣೆ ತೆರೆದು ಯಾರ ಪತ್ರ ಕೇಳಿದ್ದಾರೆ ಎಂದು ನೋಡಿ. ಅಣ್ಣನ ಕಾಲದಲ್ಲಿ ನಡೆದದ್ದು ತಂಗಿಯ ಕಾಲಕ್ಕೆ ಬದಲಾಗಿರಬಹುದು.

ಅರ್ಜಿಯ ಜೊತೆ ಹೋಗುವ ಕಾಗದಗಳು ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಹತ್ತನೆಯ ಮತ್ತು ಹನ್ನೆರಡನೆಯ ಹಂತದ ಸರ್ಟಿಫಿಕೇಟು, ಅಂಕಪಟ್ಟಿ ಅಥವಾ ಟ್ರಾನ್ಸ್‌ಕ್ರಿಪ್ಟ್, ಪಾಸ್‌ಪೋರ್ಟ್, ಶಾಲೆ ಬಿಟ್ಟ ಪತ್ರ. ಅಲ್ಲಿಂದ ಹೊರಡುವ ಮುನ್ನ ಶಾಲೆಯಿಂದ ಒಂದು ಪತ್ರ ಬರೆಸಿಕೊಂಡು ಬನ್ನಿ: ಯಾವ ತರಗತಿಯಿಂದ ಯಾವ ತರಗತಿಯವರೆಗೆ ಓದಿದಳು, ಪೂರ್ಣಾವಧಿ ಶಾಲೆಗೆ ಹಾಜರಾಗಿ ಓದಿದಳೇ, ಶಾಲೆಗೆ ಯಾರ ಮಾನ್ಯತೆ ಇದೆ ಎಂಬ ಮೂರೂ ಅದರಲ್ಲಿರಲಿ. ಊರಿಗೆ ಬಂದ ಮೇಲೆ ಈ ಒಂದು ಹಾಳೆಗೆ ವಾರಗಟ್ಟಲೆ ಇಮೇಲ್ ಬರೆಯಬೇಕಾಗುತ್ತದೆ. ಇಂಗ್ಲಿಷೇತರ ಭಾಷೆಯ ಪತ್ರಗಳಿಗೆ ಅಧಿಕೃತ ಅನುವಾದ ಬೇಕು. ಗಲ್ಫ್ ದೇಶಗಳಲ್ಲಾದರೆ ಅಲ್ಲಿನ ವಿದೇಶಾಂಗ ಇಲಾಖೆ ಮತ್ತು ಭಾರತೀಯ ರಾಯಭಾರ ಕಚೇರಿಯ ಅಟೆಸ್ಟೇಷನ್ ಅಲ್ಲಿರುವಾಗಲೇ ಮಾಡಿಸಿಕೊಳ್ಳಿ. ಇಲ್ಲಿ ಕುಳಿತು ಏಜೆಂಟರ ಮೂಲಕ ಮಾಡಿಸಲು ದುಡ್ಡೂ ಹೆಚ್ಚು, ದಿನವೂ ಹೆಚ್ಚು.

ಹೆಸರಿನ ವಿಷಯ ಚಿಕ್ಕದಾಗಿ ಕಂಡರೂ ಬಹಳ ಜನರನ್ನು ಕಾಡುತ್ತದೆ. ನಮ್ಮವರ ಇನಿಶಿಯಲ್ ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದಿರುತ್ತದೆ, ಐಜಿಸಿಎಸ್‌ಇಯಲ್ಲಿ ತಂದೆಯ ಹೆಸರು ಕೊನೆಗೆ, ಎ ಲೆವೆಲ್‌ನಲ್ಲಿ ಊರಿನ ಹೆಸರು ಮೊದಲಿಗೆ. ಪರೀಕ್ಷೆಗೆ ನೋಂದಾಯಿಸುವಾಗಲೇ ಪಾಸ್‌ಪೋರ್ಟಿನಲ್ಲಿರುವಂತೆ ಅಕ್ಷರಶಃ ಬರೆಸಿ.

ಒಂದು ಉದಾಹರಣೆ

ಮಂಗಳೂರು ಮೂಲದ ಒಂದು ಕುಟುಂಬ ದುಬೈಯಲ್ಲಿದೆ ಎಂದಿಟ್ಟುಕೊಳ್ಳಿ. ಮಗಳು ಬ್ರಿಟಿಷ್ ಪದ್ಧತಿಯ ಶಾಲೆಯಲ್ಲಿದ್ದಾಳೆ. ಐಜಿಸಿಎಸ್‌ಇಯಲ್ಲಿ ಇಂಗ್ಲಿಷ್, ಗಣಿತ, ಮೂರು ವಿಜ್ಞಾನ, ಕಂಪ್ಯೂಟರ್ ಹೀಗೆ ಆರು ವಿಷಯ, ಎಲ್ಲದರಲ್ಲೂ ಬಿ ಅಥವಾ ಮೇಲೆ. ಎ ಲೆವೆಲ್‌ಗೆ ಭೌತಶಾಸ್ತ್ರ, ಗಣಿತ, ಅರ್ಥಶಾಸ್ತ್ರ ಆರಿಸಿಕೊಂಡಿದ್ದಾಳೆ. ಬೆಂಗಳೂರಿನಲ್ಲಿ ಬಿಇ ಮಾಡಬೇಕೆಂಬ ಆಸೆ.

ಸಮಾನತೆಯ ಮಟ್ಟಿಗೆ ಅವಳಿಗೆ ತೊಂದರೆ ಕಾಣುವುದಿಲ್ಲ. ವರ್ಷ ಸರಿ, ಎರಡೂ ಹಂತ ಮುಗಿದಿದೆ, ಮೂರು ಎ ಲೆವೆಲ್ ಇದೆ. ಬಿಇ ಅರ್ಹತೆಯ ಹಾಳೆ ಪಕ್ಕಕ್ಕಿಟ್ಟರೆ ಮಾತ್ರ ಬಿರುಕು ಕಾಣುತ್ತದೆ: ಭೌತಶಾಸ್ತ್ರ ಇದೆ, ಗಣಿತ ಇದೆ, ಮೂರನೆಯ ವಿಷಯ ಅರ್ಥಶಾಸ್ತ್ರ. ಐಜಿಸಿಎಸ್‌ಇಯ ರಸಾಯನಶಾಸ್ತ್ರ ಹತ್ತನೇ ತರಗತಿಯದ್ದಾದ್ದರಿಂದ ಇಲ್ಲಿ ಲೆಕ್ಕಕ್ಕಿಲ್ಲ. ಸರ್ಟಿಫಿಕೇಟು ಕೈಯಲ್ಲಿ ಹಿಡಿದು ಬಂದರೂ ಬಿಕಾಂ, ಬಿಬಿಎಗೆ ಬಾಗಿಲು ತೆರೆದಿರುತ್ತದೆ, ಬಿಇಗೆ ಮುಚ್ಚಿರುತ್ತದೆ.

‘ಇಯರ್ 12’ರ ಆರಂಭದಲ್ಲೇ ಇದು ಕಣ್ಣಿಗೆ ಬಿದ್ದರೆ ಅರ್ಥಶಾಸ್ತ್ರದ ಜೊತೆ ರಸಾಯನಶಾಸ್ತ್ರವನ್ನೋ ಕಂಪ್ಯೂಟರ್ ಸೈನ್ಸನ್ನೋ ಎ ಲೆವೆಲ್‌ಗೆ ಸೇರಿಸಿಕೊಳ್ಳಬಹುದು. ನಾಲ್ಕು ಎ ಲೆವೆಲ್ ಭಾರ ಹೌದು, ಅರ್ಥಶಾಸ್ತ್ರ ಕೈಬಿಟ್ಟರೂ ಆದೀತು. ನನ್ನ ಮಟ್ಟಿಗೆ ರಸಾಯನಶಾಸ್ತ್ರವೇ ಒಳ್ಳೆಯ ಆಯ್ಕೆ, ಏಕೆಂದರೆ ಸಿಇಟಿ, ಕಾಮೆಡ್‌ಕೆ, ಜೆಇಇ ಮೂರೂ ಪ್ರವೇಶ ಪರೀಕ್ಷೆಗಳಲ್ಲಿ ಅದರ ಪ್ರಶ್ನೆಗಳು ಹೇಗೂ ಬರುತ್ತವೆ.

ಅವಳು ಹಾಗೇ ಮಾಡಿದಳೆನ್ನಿ. ಫಲಿತಾಂಶದಲ್ಲಿ ಭೌತಶಾಸ್ತ್ರ ಬಿ, ಗಣಿತ ಎ, ರಸಾಯನಶಾಸ್ತ್ರ ಸಿ. ಇಲ್ಲಿ ಎಲ್ಲರೂ ಕೇಳುವುದು ಶೇಕಡಾವಾರು. ಎ ಲೆವೆಲ್ ಪರೀಕ್ಷೆ ನಡೆಸುವ ಕೇಂಬ್ರಿಜ್ ಬೋರ್ಡಿನ ಫಲಿತಾಂಶ ಪಟ್ಟಿಯಲ್ಲಿ ಗ್ರೇಡಿನ ಪಕ್ಕದಲ್ಲೇ ಒಂದು ಶೇಕಡಾ ಅಂಕವೂ ಇರುತ್ತದೆ. ಎ ಗ್ರೇಡ್ ಎಂದರೆ 80ರಿಂದ 89, ಬಿ 70ರಿಂದ 79, ಸಿ 60ರಿಂದ 69, ಹೀಗೆ ಕೆಳಗಿಳಿದು ಇ 40ರಿಂದ 49. ಅವಳದು ಕ್ರಮವಾಗಿ 74, 83, 62 ಇದ್ದರೆ ಒಟ್ಟು 219, ಅಂದರೆ ಶೇಕಡಾ 73. ಬೇಕಾದ 45ಕ್ಕಿಂತ ಎಷ್ಟೋ ಮೇಲೆ. ಅದೇ ಮೂರರಲ್ಲೂ ಇ ಗ್ರೇಡ್ ಬಂದು 42, 44, 41 ಇದ್ದರೆ ಸರಾಸರಿ 43ನ್ನೂ ಮುಟ್ಟುವುದಿಲ್ಲ. ಎ ಲೆವೆಲ್ ಪಾಸು, ಸಾಮಾನ್ಯ ವರ್ಗದವಳಾದರೆ ಬಿಇ ಇಲ್ಲ. ಗ್ರೇಡ್ ಮಾತ್ರ ಇರುವ ಸರ್ಟಿಫಿಕೇಟನ್ನಷ್ಟೇ ಇಟ್ಟುಕೊಂಡು ಫಲಿತಾಂಶ ಪಟ್ಟಿಯನ್ನು ಎಸೆಯಬೇಡಿ ಎನ್ನುವುದು ಇದಕ್ಕೇ. ಪ್ರವೇಶ ಪ್ರಾಧಿಕಾರ ತನ್ನದೇ ಪರಿವರ್ತನೆ ಪಟ್ಟಿ ಕೊಟ್ಟಿದ್ದರೆ ಅದನ್ನೇ ಅನುಸರಿಸಬೇಕು, ನೀವೇ ಲೆಕ್ಕ ಹಾಕಿ ತುಂಬಬೇಡಿ.

ಇನ್ನು ದಿನಾಂಕ. ಮೇ–ಜೂನ್‌ನಲ್ಲಿ ಬರೆದ ಎ ಲೆವೆಲ್ ಫಲಿತಾಂಶ ಬರುವುದು ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಇಲ್ಲಿ ಪ್ರವೇಶ ಪರೀಕ್ಷೆ ಮುಗಿದು ಕೌನ್ಸೆಲಿಂಗ್ ನಡೆಯುತ್ತಿರುತ್ತದೆ. ಶಾಲೆ ಕೊಡುವ ‘ಪ್ರೆಡಿಕ್ಟೆಡ್ ಗ್ರೇಡ್’ ವಿದೇಶಿ ವಿಶ್ವವಿದ್ಯಾಲಯಗಳಿಗೆ ಸಾಕು, ನಮ್ಮ ದಾಖಲಾತಿ ಪರಿಶೀಲನೆಯ ಮೇಜಿನಲ್ಲಿ ಅದಕ್ಕೆ ಬೆಲೆ ಇಲ್ಲ. ಐಬಿಯ ಮೇ ಪರೀಕ್ಷೆಯ ಫಲಿತಾಂಶ ಜುಲೈ ಮೊದಲ ವಾರದಲ್ಲಿ ಬರುವುದರಿಂದ ಅವರು ಹೇಗೋ ಹಿಡಿಯುತ್ತಾರೆ. ಭಾರತದಲ್ಲೇ ಇರುವ ಕೇಂಬ್ರಿಜ್ ಶಾಲೆಗಳಲ್ಲಿ ಮಾರ್ಚ್ ಸರಣಿಯ ಪರೀಕ್ಷೆ ಇದೆ, ಅದರ ಫಲಿತಾಂಶ ಮೇನಲ್ಲಿ ಬರುತ್ತದೆ. ವಿದೇಶದಲ್ಲಿದ್ದು ಇಲ್ಲಿಗೇ ಬರುವುದು ಖಚಿತವಾಗಿದ್ದರೆ ಅಕ್ಟೋಬರ್–ನವೆಂಬರ್ ಸರಣಿಯಲ್ಲಿ ಬರೆಯಲು ಸಾಧ್ಯವೇ ಎಂದು ಶಾಲೆಯನ್ನು ಕೇಳಿ, ಫಲಿತಾಂಶ ಜನವರಿಯಲ್ಲಿ ಕೈಗೆ ಸಿಗುತ್ತದೆ.

ಇಷ್ಟೆಲ್ಲ ಅರ್ಹತೆಯ ಮಾತು. ಸರ್ಕಾರಿ ಕೋಟಾದ ಸೀಟು ಬೇರೆಯೇ ಕಥೆ, ಅಲ್ಲಿ ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕೆಂಬ ಷರತ್ತು ಮತ್ತು ಅದಕ್ಕಿರುವ ಕೆಲವು ವಿನಾಯಿತಿಗಳು ಬರುತ್ತವೆ. ಯಾವ ಕಲಮಿನಡಿ ಬರುತ್ತೀರಿ ಎಂದು ಕೆಇಎಯ ಸಿಇಟಿ ಮಾಹಿತಿ ಪುಸ್ತಕದಲ್ಲಿ ನೋಡಿ. ಕಾಮೆಡ್‌ಕೆಗೆ ಈ ಏಳು ವರ್ಷದ ಕಟ್ಟು ಇಲ್ಲದ ಕಾರಣ ಗಲ್ಫ್‌ನಿಂದ ಬರುವವರು ಸಾಮಾನ್ಯವಾಗಿ ಅತ್ತ ಹೊರಳುತ್ತಾರೆ.

ಓಪನ್ ಸ್ಕೂಲ್ ದಾರಿ

ಆಟಕ್ಕಾಗಿ, ಕಾಯಿಲೆಗಾಗಿ, ಇಲ್ಲವೇ ಪಿಯುಸಿಯಲ್ಲಿ ಫೇಲಾಗಿ ಶಾಲೆ ಬಿಟ್ಟ ಮಕ್ಕಳಿಗೆ ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ ಇದೆ. ನೋಯ್ಡಾದಲ್ಲಿ ಕೇಂದ್ರ ಕಚೇರಿ ಇರುವ ಈ ಸಂಸ್ಥೆ 1989ರಲ್ಲಿ ಹುಟ್ಟಿದ್ದು, ಕೇಂದ್ರ ಶಿಕ್ಷಣ ಸಚಿವಾಲಯದ ಅಡಿ ನಡೆಯುತ್ತದೆ. ಹನ್ನೆರಡನೇ ತರಗತಿಯವರೆಗೆ ಪರೀಕ್ಷೆ ನಡೆಸಿ ಸರ್ಟಿಫಿಕೇಟು ಕೊಡುವ ಅಧಿಕಾರ ಅದಕ್ಕೆ 1990ರಿಂದ ಇದೆ. ಹಾಗಾಗಿ ಎನ್‌ಐಒಎಸ್ ಮಕ್ಕಳು ಸಮಾನತಾ ಪತ್ರಕ್ಕೆ ಓಡಾಡುವ ಅಗತ್ಯವಿಲ್ಲ. ಸಿಬಿಎಸ್‌ಇಯಂತೆ ಅದೂ ಒಂದು ರಾಷ್ಟ್ರೀಯ ಬೋರ್ಡು. ಜೆಇಇ ನಿಯಮಗಳು ಕನಿಷ್ಠ ಐದು ವಿಷಯಗಳೊಂದಿಗೆ ಎನ್‌ಐಒಎಸ್ ಪಾಸಾದವರನ್ನು ಹೆಸರಿಸಿಯೇ ಒಪ್ಪುತ್ತವೆ.

ಎಡವುವುದು ವಿಷಯ ಆರಿಸುವಲ್ಲಿ. ಎನ್‌ಐಒಎಸ್‌ನಲ್ಲಿ ಐದು ವಿಷಯ ಪಾಸಾದರೆ ಸರ್ಟಿಫಿಕೇಟು ಬರುತ್ತದೆ, ಅದರಲ್ಲಿ ಒಂದು ಭಾಷೆ ಇದ್ದರೆ ಸಾಕು. ಹಿಂದಿ ಸುಲಭ ಎಂದು ಹಿಂದಿ ತೆಗೆದುಕೊಂಡು ಜೊತೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಕಂಪ್ಯೂಟರ್ ಓದಿದವನ ಬಳಿ ಪೂರ್ಣ ಸರ್ಟಿಫಿಕೇಟು ಇರುತ್ತದೆ, ಇಂಗ್ಲಿಷ್ ಇರುವುದಿಲ್ಲ. ಎಂಜಿನಿಯರಿಂಗ್‌ಗೆ ಬರಬೇಕೆಂದಿರುವವರು ಇಂಗ್ಲಿಷ್ 302, ಗಣಿತ 311, ಭೌತಶಾಸ್ತ್ರ 312, ರಸಾಯನಶಾಸ್ತ್ರ 313 ಈ ನಾಲ್ಕು ಕೋಡುಗಳನ್ನು ಅರ್ಜಿಯಲ್ಲಿ ಕಣ್ಣಿಟ್ಟು ನೋಡಿ, ಐದನೆಯದು ನಿಮ್ಮ ಇಷ್ಟ. ಜೀವಶಾಸ್ತ್ರದ ಕೋಡು 314. ಪಾಸಾಗಲು 33 ಸಾಕು, ಥಿಯರಿ ಮತ್ತು ಪ್ರಾಕ್ಟಿಕಲ್ ಎರಡರಲ್ಲೂ ಬೇರೆಬೇರೆಯಾಗಿ. ಆದರೆ 33ರ ಪಾಸು ಬಿಇಯ 45ಕ್ಕೆ ಆಗುವುದಿಲ್ಲ.

ಇನ್ನೊಂದು ನಿಯಮ ಆತುರದವರ ಕೈಕಟ್ಟುತ್ತದೆ. ಹತ್ತನೆಯದಕ್ಕೂ ಹನ್ನೆರಡನೆಯದಕ್ಕೂ ನಡುವೆ ಎರಡು ವರ್ಷ ಆಗಿರಬೇಕು. ಒಂದೇ ವರ್ಷದಲ್ಲಿ ಬರೆಯಹೊರಟರೆ ನಾಲ್ಕು ವಿಷಯಗಳವರೆಗೆ ಮಾತ್ರ ಬಿಡುತ್ತಾರೆ, ಐದನೆಯದು ಎರಡು ವರ್ಷ ತುಂಬಿದ ಮೇಲೆ. ‘ಒಂದು ತಿಂಗಳಲ್ಲಿ ಪಿಯುಸಿ’ ಎಂದು ಬಸ್‌ಸ್ಟ್ಯಾಂಡಿನ ಗೋಡೆಗೆ ಅಂಟಿಸಿದ ಟ್ಯುಟೋರಿಯಲ್ ಚೀಟಿಯನ್ನು ಈ ನಿಯಮದ ಎದುರಿಗಿಟ್ಟು ನೋಡಿ. ಅಂಥವರು ಹೆಚ್ಚಾಗಿ ಮಾರುವುದು ಹೆಸರಿನಲ್ಲಿ ‘ಓಪನ್’, ‘ನ್ಯಾಷನಲ್’, ‘ಕೌನ್ಸಿಲ್’ ಇರುವ ಯಾವುದೋ ಬೋರ್ಡಿನ ಪತ್ರವನ್ನು. ಆ ಬೋರ್ಡನ್ನು ಕೇಂದ್ರವೋ ರಾಜ್ಯವೋ ಕಾಯ್ದೆ ಅಥವಾ ಆದೇಶದ ಮೂಲಕ ಸ್ಥಾಪಿಸಿದೆಯೇ ಎಂದು ಕೇಳಿ, ಸಂಖ್ಯೆ ತೋರಿಸಲು ಹೇಳಿ. ಸೊಸೈಟಿ ಅಥವಾ ಟ್ರಸ್ಟ್ ನೋಂದಣಿಯ ಪತ್ರ ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ. ನೋಂದಣಿ ಯಾವ ಸಂಘಕ್ಕೂ ಸಿಗುತ್ತದೆ, ಪರೀಕ್ಷೆ ನಡೆಸುವ ಅಧಿಕಾರ ಅದರಿಂದ ಬರುವುದಿಲ್ಲ.

ಪಿಯುಸಿಯಲ್ಲಿ ಕೆಲವು ವಿಷಯ ಪಾಸಾಗಿ ಉಳಿದದ್ದು ಫೇಲಾದವರು ಪಾಸಾದ ಎರಡು ವಿಷಯಗಳವರೆಗೆ ಅಂಕಗಳನ್ನು ಎನ್‌ಐಒಎಸ್‌ಗೆ ವರ್ಗಾಯಿಸಿಕೊಂಡು ಉಳಿದ ಮೂರನ್ನು ಬರೆಯಬಹುದು. ಹನ್ನೆರಡನೆಯದು ಪೂರ್ತಿ ಮುಗಿದವರು ಒಂದು ಬಿಡಿ ವಿಷಯವನ್ನು ಮಾತ್ರ ಬರೆಯಲೂ ಅವಕಾಶವಿದೆ. ವಾಣಿಜ್ಯ ಓದಿ ಆಮೇಲೆ ಮನಸ್ಸು ಬದಲಾದವರಿಗೆ, ಜೀವಶಾಸ್ತ್ರ ಬಿಟ್ಟು ಓದಿದವರಿಗೆ ಇದು ಆಸರೆ. ನೀಟ್‌ನ ಮಟ್ಟಿಗೆ ಹೀಗೆ ಹೆಚ್ಚುವರಿಯಾಗಿ ಓದಿದ ಜೀವಶಾಸ್ತ್ರವನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ನವೆಂಬರ್ ಪ್ರಕಟಣೆಯಲ್ಲಿ ಒಪ್ಪಿತು. ಬೇರೆ ಕೋರ್ಸುಗಳಲ್ಲಿ ಎರಡು ಬೋರ್ಡಿನ ಎರಡು ಅಂಕಪಟ್ಟಿ ಸೇರಿಸಿ ಅರ್ಹತೆ ಲೆಕ್ಕ ಹಾಕುತ್ತಾರೆಯೇ ಎಂಬುದು ವಿಶ್ವವಿದ್ಯಾಲಯದ ತೀರ್ಮಾನ. ಪರೀಕ್ಷಾ ಶುಲ್ಕ ಕಟ್ಟುವ ಮೊದಲು ಅಲ್ಲಿನ ಕುಲಸಚಿವರ ಕಚೇರಿಗೆ ಇಮೇಲ್ ಮಾಡಿ ಲಿಖಿತ ಉತ್ತರ ತರಿಸಿಕೊಳ್ಳಿ. ಕಾಲೇಜಿನ ಅಡ್ಮಿಷನ್ ವಿಭಾಗದವರು ಫೋನಿನಲ್ಲಿ ‘ಆಗುತ್ತೆ ಸರ್, ಬನ್ನಿ’ ಎಂದದ್ದು ಉತ್ತರವಲ್ಲ.

ಕೊನೆಯ ಪತ್ರ

ಕಾಲೇಜು ಸೇರಿ ಫೀಸು ಕಟ್ಟಿದ ಮೇಲೂ ಒಂದು ಹಂತ ಬಾಕಿ ಇರುತ್ತದೆ. ಕರ್ನಾಟಕದ ಹೊರಗಿನ ಬೋರ್ಡಿನಿಂದ ಬಂದವರಿಗೆ ವಿಟಿಯು, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಂಥವು ತಮ್ಮದೇ ಎಲಿಜಿಬಿಲಿಟಿ ಸರ್ಟಿಫಿಕೇಟು ಕೇಳುತ್ತವೆ. ಅದು ಸಿಗುವವರೆಗೆ ನಿಮ್ಮ ಪ್ರವೇಶ ತಾತ್ಕಾಲಿಕ. ಅರ್ಜಿ ಕಾಲೇಜಿನ ಕಚೇರಿಯಲ್ಲೇ ಕುಳಿತುಬಿಟ್ಟರೆ ಮಗುವಿಗೆ ಗೊತ್ತಾಗುವುದು ಮೊದಲ ಸೆಮಿಸ್ಟರ್‌ನ ಪರೀಕ್ಷಾ ಅರ್ಜಿ ತುಂಬುವ ಹೊತ್ತಿಗೆ. ಸೇರಿದ ವಾರದಲ್ಲೇ ಅರ್ಜಿ ಹಾಕಿ, ವಿಶ್ವವಿದ್ಯಾಲಯದ ಸ್ವೀಕೃತಿ ಸಂಖ್ಯೆ ಕೇಳಿ ಇಸಿದುಕೊಳ್ಳಿ.

ಎನ್‌ಐಒಎಸ್ ಮಕ್ಕಳಿಗೆ ಇಲ್ಲಿ ಒಂದು ಸಣ್ಣ ಜಗ್ಗಾಟ ಕಾದಿರುತ್ತದೆ. ಗುಮಾಸ್ತರು ಟಿಸಿ ಬೇರೆ, ಮೈಗ್ರೇಷನ್ ಬೇರೆ ಕೇಳುತ್ತಾರೆ. ಎನ್‌ಐಒಎಸ್ ಎರಡನ್ನೂ ಸೇರಿಸಿ ಒಂದೇ ಪತ್ರ ಕೊಡುತ್ತದೆ, ಆ ಪತ್ರದ ಶೀರ್ಷಿಕೆಯಲ್ಲೇ ಹಾಗೆ ಬರೆದಿರುತ್ತದೆ. ಅದನ್ನು ತೋರಿಸಿ. ವಿದೇಶಿ ಶಾಲೆಗಳು ಮೈಗ್ರೇಷನ್ ಎಂಬ ಪತ್ರವನ್ನೇ ಕೊಡುವುದಿಲ್ಲ, ಅವರ ಶಾಲೆ ಬಿಟ್ಟ ಪತ್ರದ ಜೊತೆ ಸಮಾನತಾ ಪತ್ರ ಇಟ್ಟು, ಮೈಗ್ರೇಷನ್ ಇಲ್ಲದ ಕಾರಣವನ್ನು ಒಂದು ಮುಚ್ಚಳಿಕೆಯಲ್ಲಿ ಬರೆದುಕೊಡಿ. ಮೂಲ ಪತ್ರಗಳನ್ನು ಕಾಲೇಜಿಗೆ ಒಪ್ಪಿಸುವ ಮುನ್ನ ಪ್ರತಿಯೊಂದರ ಎರಡೂ ಬದಿಯನ್ನು ಬಣ್ಣದಲ್ಲಿ ಸ್ಕ್ಯಾನ್ ಮಾಡಿಟ್ಟುಕೊಳ್ಳಿ, ಅಟೆಸ್ಟೇಷನ್ ಮುದ್ರೆಗಳು ಹೆಚ್ಚಾಗಿ ಹಿಂಬದಿಯಲ್ಲೇ ಇರುತ್ತವೆ.